ಬಸ್ ನಿಂತ ದಿನದ ಮೂರು ನೋಟಿಸ್

2025ರ ಆಗಸ್ಟ್ 5, ಮಂಗಳವಾರ. ಸರ್ಕಾರಿ ಬಸ್ ನೌಕರರ ಮುಷ್ಕರದ ದಿನ. ಸಂಜೆ ನಾಲ್ಕೂ ಮುಕ್ಕಾಲಿಗೆ ನಮ್ಮ ಕೋಚಿಂಗ್ ಕ್ಲಾಸಿನ ಬಾಗಿಲಲ್ಲಿ ಮೂವರು ಹುಡುಗಿಯರು ನಿಂತಿದ್ದರು. ಮೂವರೂ ನೊಣವಿನಕೆರೆ ಕಡೆಯವರು. "ಸರ್, ಕ್ಲಾಸ್ ಇಲ್ವಂತೆ ಹೌದಾ?" ಅಂತ ಒಬ್ಬಳು ಕೇಳಿದಳು. ಕ್ಲಾಸ್ ಇಲ್ಲ ಅಂತ ನಾನು ಬೆಳಿಗ್ಗೆ ಹತ್ತೂವರೆಗೇ ಗ್ರೂಪಿಗೆ ಹಾಕಿದ್ದೆ. ಆದರೆ ಆ ಮೆಸೇಜು ಹೋಗಿದ್ದು ಅವರ ಅಪ್ಪಂದಿರ ಫೋನಿಗೆ. ಹುಡುಗಿಯರು ಏಳು ಗಂಟೆಗೇ ಮನೆ ಬಿಟ್ಟಿದ್ದರು. ಕಾಲೇಜಿಗೆ ಫೋನ್ ತರುವ ಹಾಗಿಲ್ಲ. ನೋಟಿಸ್ ಸರಿಯಾಗಿತ್ತು, ಆದರೆ ತಲುಪಬೇಕಾದವರು ಅಷ್ಟೊತ್ತಿಗೆ ದಾರಿಯಲ್ಲಿದ್ದರು.

ಆ ವಾರ ನಾನು ಒಟ್ಟು ಮೂರು ನೋಟಿಸ್ ಬರೆದೆ. ಮೊದಲನೆಯದು ಕೆಟ್ಟದ್ದು, ಎರಡನೆಯದು ಒಳ್ಳೆಯದು ಆದರೆ ತಡವಾಯಿತು, ಮೂರನೆಯದು ಕೆಲಸ ಮಾಡಿತು. ಮೂರನ್ನೂ ಇಲ್ಲಿ ಇದ್ದ ಹಾಗೇ ಕೊಡುತ್ತೇನೆ.

ಬ್ಯಾಚ್ ಹೇಗಿತ್ತು

ನಮ್ಮದು ತಿಪಟೂರಿನಲ್ಲಿ ಒಂದು ಸಣ್ಣ ಕೋಚಿಂಗ್ ಕ್ಲಾಸ್. ನಾನು ಫಿಸಿಕ್ಸ್, ಜೊತೆಗೊಬ್ಬರು ಮ್ಯಾಥ್ಸ್ ಮೇಷ್ಟ್ರು. ಈ ಕತೆಯ ಬ್ಯಾಚ್ ದ್ವಿತೀಯ ಪಿಯು ವಿಜ್ಞಾನದ್ದು. ಮಂಗಳವಾರ, ಗುರುವಾರ, ಶನಿವಾರ ಸಂಜೆ 4:45ರಿಂದ 6:45ರವರೆಗೆ ಕ್ಲಾಸ್. ಮಂಗಳವಾರ ಫಿಸಿಕ್ಸ್, ಗುರುವಾರ ಮ್ಯಾಥ್ಸ್, ಶನಿವಾರ ಇಬ್ಬರೂ ಒಂದೊಂದು ಗಂಟೆ. ಆದರೆ ಜುಲೈ ಕೊನೆಯಲ್ಲಿ ಮ್ಯಾಥ್ಸ್ ಮೇಷ್ಟ್ರು ನನ್ನ ಒಂದು ದಿನ ತೆಗೆದುಕೊಂಡಿದ್ದರು. ಹಾಗಾಗಿ ಈ ವಾರದ ಗುರುವಾರವನ್ನು ನನಗೆ ಬಿಟ್ಟುಕೊಟ್ಟಿದ್ದರು. ಇದು ಆಮೇಲೆ ಲೆಕ್ಕಕ್ಕೆ ಬರುತ್ತದೆ.

ಒಟ್ಟು 38 ಮಕ್ಕಳು. ಅದರಲ್ಲಿ 21 ಜನ ಬಸ್ಸಿನಲ್ಲಿ ಬರುವವರು. ಕಿಬ್ಬನಹಳ್ಳಿ ಕ್ರಾಸ್, ನೊಣವಿನಕೆರೆ, ಹೊನ್ನವಳ್ಳಿ, ತುರುವೇಕೆರೆ ದಾರಿ. ಅರಸೀಕೆರೆ ಕಡೆಯಿಂದ ಇಬ್ಬರು ರೈಲಿಗೆ ಬರುತ್ತಾರೆ, ಅವರಿಗೆ ಮುಷ್ಕರದ ಬಿಸಿ ತಟ್ಟಲೇ ಇಲ್ಲ. ಉಳಿದ 15 ಜನ ಊರೊಳಗಿನವರು, ಸೈಕಲ್ಲೋ ಸ್ಕೂಟರೋ ನಡಿಗೆಯೋ.

ಬಸ್ಸಿನ 21 ಜನರಲ್ಲಿ 14 ಹುಡುಗಿಯರು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನಮ್ಮ ಬ್ಯಾಚಿಗೆ ಹಳ್ಳಿ ಹುಡುಗಿಯರು ಬರುವುದು ಜಾಸ್ತಿಯಾಯಿತು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಮುಗಿಯಿತು, ಮನೆಯಲ್ಲಿ ದುಡ್ಡು ಕೇಳಬೇಕಿಲ್ಲ. ಆದರೆ ಆ ಟಿಕೆಟ್ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಹುಡುಗರ ಸ್ಟೂಡೆಂಟ್ ಪಾಸೂ ಅಷ್ಟೇ. ಕೆಂಪು ಬಸ್ ನಿಂತ ದಿನ ಖಾಸಗಿ ಬಸ್ ಓಡುತ್ತಿದ್ದರೂ ಆ ಮಕ್ಕಳ ಪಾಲಿಗೆ ಅದು ಬೇರೆಯದೇ ಬಸ್ಸು. ಕೈಯಲ್ಲಿ ದುಡ್ಡು ಬೇಕು. ತುಂಬಿ ತುಳುಕುವ ಗಾಡಿಯಲ್ಲಿ ನಿಲ್ಲಬೇಕು. ರಾತ್ರಿ ವಾಪಸ್ ಬರುವಾಗ ಅದು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಯಾವ ತಾಯಿ ಕಳಿಸುತ್ತಾಳೆ ಹೇಳಿ?

ಮೊದಲ ನೋಟಿಸ್: ಸೋಮವಾರ ರಾತ್ರಿ 9:40

ಸಾರಿಗೆ ನೌಕರರ ಸಂಘಟನೆಗಳು ಮಂಗಳವಾರ ಬೆಳಿಗ್ಗೆ 6 ಗಂಟೆಯಿಂದ ಅನಿರ್ದಿಷ್ಟ ಮುಷ್ಕರ ಅಂತ ಮೊದಲೇ ಹೇಳಿದ್ದವು. 38 ತಿಂಗಳ ಹಿಂಬಾಕಿ, 2024ರ ಜನವರಿಯಿಂದ ಆಗಬೇಕಿದ್ದ ಸಂಬಳ ಪರಿಷ್ಕರಣೆ, ಇವು ದೊಡ್ಡ ಬೇಡಿಕೆಗಳು. ಸೋಮವಾರ ಮಾತುಕತೆ ಮುರಿದುಬಿತ್ತು. ಅದೇ ದಿನ ಹೈಕೋರ್ಟು ಒಂದು ದಿನದ ಮಟ್ಟಿಗೆ ಮುಷ್ಕರ ಬೇಡ ಎಂದಿತು. ರಾತ್ರಿ ಟಿವಿ ಹಾಕಿದರೆ ಒಂದು ಚಾನಲ್ಲಿನಲ್ಲಿ ಬಸ್ ಇದೆ, ಇನ್ನೊಂದರಲ್ಲಿ ಇಲ್ಲ. ಡಿಪೋದ ಪರಿಚಯದ ಒಬ್ಬ ಕಂಡಕ್ಟರಿಗೆ ಫೋನ್ ಹಚ್ಚಿದೆ. "ನಮಗೇ ಗೊತ್ತಿಲ್ಲ ಮೇಷ್ಟ್ರೆ, ಬೆಳಿಗ್ಗೆ ಬಂದು ನೋಡಿ ಅಂದವ್ರೆ" ಅಂದರು.

ಅವರಿಗೇ ಗೊತ್ತಿಲ್ಲದ ಮೇಲೆ ನಾನು ಬರೆದಿದ್ದು ಇದು:

> ಆತ್ಮೀಯ ವಿದ್ಯಾರ್ಥಿಗಳೇ, ನಾಳೆ ಸಾರಿಗೆ ಮುಷ್ಕರ ನಡೆಯುವ ಸಾಧ್ಯತೆ ಇದೆ. ಬಸ್ ಇದ್ದರೆ ಎಂದಿನಂತೆ ಕ್ಲಾಸ್ ಇರುತ್ತದೆ. ಬಸ್ ಇಲ್ಲದಿದ್ದರೆ ಕ್ಲಾಸನ್ನು ಮುಂದೂಡಲಾಗುವುದು. ತಪ್ಪಿದ ಪಾಠವನ್ನು ಮುಂದಿನ ದಿನಗಳಲ್ಲಿ ಸರಿದೂಗಿಸಲಾಗುವುದು. ದಯವಿಟ್ಟು ಸಹಕರಿಸಿ.

ಓದಿದರೆ ಏನೂ ತಪ್ಪಿಲ್ಲ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿ ಕಳಿಸಿ ಮಲಗಿದೆ.

ಬೆಳಿಗ್ಗೆ ಆರಕ್ಕೆ ಮೊದಲ ಫೋನ್. ಹೊನ್ನವಳ್ಳಿಯ ಒಬ್ಬ ತಂದೆ, "ಸಾರ್, ನಾಳೆ ಮುಷ್ಕರ ಅಂದಿದೀರಲ್ಲ, ಇವತ್ತು ಕ್ಲಾಸ್ ಇದೆ ತಾನೆ?" ಅಂದರು. ಅವರು ಮೆಸೇಜು ನೋಡಿದ್ದು ಮಂಗಳವಾರ ಬೆಳಿಗ್ಗೆ. ಅವರ ಪಾಲಿಗೆ ನಾಳೆ ಅಂದರೆ ಬುಧವಾರ. ಫೋನಿನಲ್ಲಿ ಮೆಸೇಜು ಬಂದ ಹೊತ್ತು ಇರುತ್ತದೆ ನಿಜ, ಆದರೆ ಅದನ್ನು ಯಾರೂ ನೋಡುವುದಿಲ್ಲ. ಇನ್ನೊಬ್ಬರು ಅದನ್ನು ಊರಿನ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದರು. ಅಲ್ಲಿ ಅದು ಬಂದ ಹೊತ್ತೂ ಬೇರೆ, ನಾಳೆಯೂ ಬೇರೆ. ನಮ್ಮ ಕ್ಲಾಸಿನ ಹೆಸರಾಗಲಿ ಬ್ಯಾಚಾಗಲಿ ಮೆಸೇಜಿನಲ್ಲಿ ಇರಲಿಲ್ಲ. ಹಾಗಾಗಿ ಬೆಳಗಿನ ಬ್ಯಾಚಿನ ಪ್ರಥಮ ಪಿಯು ಮಗುವೊಂದು ತನಗೂ ರಜೆ ಅಂದುಕೊಂಡು ಮನೆಯಲ್ಲೇ ಉಳಿಯಿತು.

ಅದಕ್ಕಿಂತ ದೊಡ್ಡ ತೊಂದರೆ "ಬಸ್ ಇದ್ದರೆ" ಅನ್ನುವ ಮಾತಿನಲ್ಲಿತ್ತು. ಯಾವ ಬಸ್? ನೊಣವಿನಕೆರೆಯಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಖಾಸಗಿ ಬಸ್ ಬಂತು. ಆ ಮೂವರು ಹುಡುಗಿಯರು ದುಡ್ಡು ಕೊಟ್ಟು ಹತ್ತಿದರು. ಬಸ್ ಇದೆ, ಆದ್ದರಿಂದ ಕ್ಲಾಸೂ ಇದೆ. ನನ್ನ ನೋಟಿಸನ್ನು ಅವರು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಕ್ಲಾಸ್ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದವನು ನಾನು. ಆ ಕೆಲಸವನ್ನು 21 ಮನೆಗಳಿಗೆ ಹಂಚಿಬಿಟ್ಟಿದ್ದೆ. ಒಂದೊಂದು ಮನೆಯೂ ತನ್ನ ಬೀದಿಯಲ್ಲಿ ಕಂಡಿದ್ದನ್ನು ನೋಡಿ ಒಂದೊಂದು ತೀರ್ಮಾನಕ್ಕೆ ಬಂತು.

"ಮುಂದಿನ ದಿನಗಳಲ್ಲಿ ಸರಿದೂಗಿಸಲಾಗುವುದು" ಅನ್ನುವ ಸಾಲಿನ ಬಗ್ಗೆ ಹೇಳುವುದೇ ಬೇಡ. ಎಲ್ಲ ಕೋಚಿಂಗ್ ಕ್ಲಾಸಿನವರೂ ಬರೆಯುತ್ತೇವೆ. ಯಾರೂ ನಂಬುವುದಿಲ್ಲ.

ಎರಡನೆಯದು: ಮಂಗಳವಾರ 10:30

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದೆ. ಕೆಂಪು ಬಸ್ಸುಗಳು ಹೊರಗೆ ಬಂದಿರಲಿಲ್ಲ. ಆದರೂ ತಡೆದೆ. ಕೋರ್ಟು ಬೈದರೆ ಮಧ್ಯಾಹ್ನದೊಳಗೆ ಬಸ್ ಬಿಟ್ಟಾರು, ಆಗ ಸುಮ್ನೆ ಕ್ಲಾಸ್ ಕಳೆದಂತಾಗುತ್ತದೆ ಅನ್ನುವ ಲೆಕ್ಕಾಚಾರ. ಸಂಜೆಯ ಕ್ಲಾಸಿಗೆ ಹತ್ತೂವರೆಗೆ ಹೇಳಿದರೆ ಆರು ಗಂಟೆ ಮೊದಲೇ ಹೇಳಿದ ಹಾಗಾಯಿತಲ್ಲ ಅಂತಲೂ ಅಂದುಕೊಂಡೆ.

> ದ್ವಿತೀಯ ಪಿಯು ಸಂಜೆ ಬ್ಯಾಚಿಗೆ ಮಾತ್ರ.
>
> 05-08-2025, ಮಂಗಳವಾರ ಸಂಜೆ 4:45ರ ಫಿಸಿಕ್ಸ್ ಕ್ಲಾಸ್ ಇಲ್ಲ. ಕಾರಣ ಕೆಎಸ್‌ಆರ್‌ಟಿಸಿ ಮುಷ್ಕರ. ಮಧ್ಯಾಹ್ನ ಬಸ್ ಶುರುವಾದರೂ ಕ್ಲಾಸ್ ಇಲ್ಲ.
>
> ಊರೊಳಗಿನವರು ಬೇಕಿದ್ದರೆ 4:45ರಿಂದ 6ರವರೆಗೆ ಬಂದು ಹಳೆಯ ಲೆಕ್ಕ ಬಿಡಿಸಬಹುದು. ಹೊಸ ಪಾಠ ಮಾಡುವುದಿಲ್ಲ. ಹಾಜರಿ ಹಾಕುವುದಿಲ್ಲ.
>
> 07-08-2025, ಗುರುವಾರದ ಕ್ಲಾಸ್ ಮತ್ತು ಬದಲಿ ಕ್ಲಾಸಿನ ವಿಷಯ ಬುಧವಾರ ರಾತ್ರಿ 8 ಗಂಟೆಗೆ ಇಲ್ಲೇ ಹಾಕುತ್ತೇವೆ. 09-08-2025, ಶನಿವಾರದ ಟೆಸ್ಟ್ ಮುಂದಕ್ಕೆ ಹೋಗಿದೆ.
>
> ಹಳ್ಳಿಗಳಿಂದ ಬರುವ ಮಕ್ಕಳ ಮನೆಯವರು ಇದನ್ನು ಓದಿದ ಮೇಲೆ ಮಗುವಿನ ಹೆಸರು ಬರೆಯಿರಿ.

ಇದರಲ್ಲಿ ನನಗೆ ಈಗಲೂ ಇಷ್ಟವಾಗುವುದು ಎರಡು ಸಾಲು. ಒಂದು, "ಮಧ್ಯಾಹ್ನ ಬಸ್ ಶುರುವಾದರೂ ಕ್ಲಾಸ್ ಇಲ್ಲ." ಇದನ್ನು ಬರೆಯುವಾಗ ಕೈ ಹಿಂಜರಿಯಿತು, ನಿಜ. ಬಸ್ ಬಂದರೆ ಒಂದು ಕ್ಲಾಸ್ ದಂಡವಾಯಿತಲ್ಲ ಅಂತ. ಆದರೆ ಆ ಸಾಲು ಇಲ್ಲದಿದ್ದರೆ ಎಲ್ಲರೂ ಮಧ್ಯಾಹ್ನವಿಡೀ ಟಿವಿ ಮುಂದೆ ಕೂರುತ್ತಿದ್ದರು, ನನ್ನ ಫೋನೂ ಬಿಸಿಯಾಗುತ್ತಿತ್ತು. ಇನ್ನೊಂದು, ಗುರುವಾರದ ಬಗ್ಗೆ ಏನೂ ಹೇಳದೆ, ಯಾವಾಗ ಹೇಳುತ್ತೇನೆ ಅಂತ ಮಾತ್ರ ಹೇಳಿದ್ದು. ಅನಿರ್ದಿಷ್ಟ ಮುಷ್ಕರ ಅಂದರೆ ಅದು ಒಂದೇ ದಿನಕ್ಕೆ ಮುಗಿಯಬಹುದು, 2021ರ ಏಪ್ರಿಲ್ 7ಕ್ಕೆ ಶುರುವಾದದ್ದರ ಹಾಗೆ ಎರಡು ವಾರ ಎಳೆಯಬಹುದು. ಗುರುವಾರ ಕ್ಲಾಸ್ ಇದೆ ಅಂದರೂ ಇಲ್ಲ ಅಂದರೂ ಅದು ಊಹೆ. ಆದರೆ ಬುಧವಾರ ರಾತ್ರಿ ಎಂಟಕ್ಕೆ ಹೇಳುತ್ತೇನೆ ಅನ್ನುವುದು ನನ್ನ ಕೈಲಿರುವ ಮಾತು, ಉಳಿಸಿಕೊಳ್ಳಬಹುದು.

ಹೆಸರು ಬರೆಯಿರಿ ಅಂದದ್ದು ಫಲ ಕೊಟ್ಟಿತು. ಬರೀ ನೀಲಿ ಗುರುತು ನೋಡಿ ಕೂತಿದ್ದರೆ ಯಾರು ಓದಿದರು, ಯಾರು ಸುಮ್ಮನೆ ತೆರೆದು ಮುಚ್ಚಿದರು ಗೊತ್ತಾಗುತ್ತಿರಲಿಲ್ಲ. ಹನ್ನೆರಡು ಗಂಟೆಗೆ 21ರಲ್ಲಿ 15 ಹೆಸರು ಬಂದಿತ್ತು. ಉಳಿದ ಆರು ಮನೆಗೆ ನಾನೇ ಫೋನ್ ಮಾಡಿದೆ. ಮೂರು ಮನೆಯಲ್ಲಿ ಮಕ್ಕಳು ಇದ್ದರು, ವಿಷಯ ತಿಳಿಯಿತು. ಇನ್ನು ಮೂರು ಮನೆಯಲ್ಲಿ, "ಅಯ್ಯೋ, ಅವಳು ಆಗಲೇ ಹೋದಳಲ್ಲಾ ಸಾರ್" ಅಂದರು. ಅವರೇ ಈ ಮೂವರು.

ನನ್ನ ತಪ್ಪು ಅಲ್ಲಿ ಗೊತ್ತಾಯಿತು. ನಾನು ಕ್ಲಾಸ್ ಶುರುವಾಗುವ 4:45ರಿಂದ ಹಿಂದಕ್ಕೆ ಎಣಿಸಿದ್ದೆ. ಎಣಿಸಬೇಕಾಗಿದ್ದು ಮಗು ಮನೆ ಬಿಡುವ ಹೊತ್ತಿನಿಂದ. ಹಳ್ಳಿಯ ಮಕ್ಕಳು ಕಾಲೇಜಿಗೂ ಟ್ಯೂಷನ್ನಿಗೂ ಒಂದೇ ಸಲ ಹೊರಡುತ್ತಾರೆ. ಬೆಳಿಗ್ಗೆ ಏಳಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಹಾಗಾಗಿ ಸಂಜೆಯ ಕ್ಲಾಸ್ ಆದರೂ ನೋಟಿಸ್ ಹೋಗಬೇಕಾದ್ದು ಬೆಳಿಗ್ಗೆ ಆರೂವರೆಯೊಳಗೆ. ಆ ಹೊತ್ತಿಗೆ ಸುದ್ದಿ ಪೂರ್ತಿ ತಿಳಿದಿರುವುದಿಲ್ಲ. ತಿಳಿಯದೆಯೇ ತೀರ್ಮಾನ ಮಾಡಬೇಕು. ಮಧ್ಯಾಹ್ನ ಬಸ್ ಬಂದು ಒಂದು ಕ್ಲಾಸ್ ಹೋದರೆ ಅದನ್ನು ಆಮೇಲೆ ಮಾಡಬಹುದು. ಕತ್ತಲಲ್ಲಿ ವಾಪಸ್ ಹೋಗಲು ಗಾಡಿ ಇಲ್ಲದೆ ನಿಂತ ಹುಡುಗಿಯನ್ನು ಏನು ಮಾಡುವುದು?

ಅವತ್ತು ಆ ಮೂವರಲ್ಲಿ ಒಬ್ಬಳ ಅಪ್ಪ, ಇನ್ನೊಬ್ಬಳ ಚಿಕ್ಕಪ್ಪ ಎರಡು ಬೈಕಿನಲ್ಲಿ ಬಂದು ಮೂವರನ್ನೂ ಕರೆದುಕೊಂಡು ಹೋದರು. ಆರು ಗಂಟೆಯಾಗಿತ್ತು. ಅವರು ಬರುವವರೆಗೆ ಹುಡುಗಿಯರು ಊರಿನ ಮಕ್ಕಳ ಜೊತೆ ಕೂತು ಲೆಕ್ಕ ಮಾಡುತ್ತಿದ್ದರು.

ಊರೊಳಗಿನ 15 ಜನರಲ್ಲಿ 11 ಮಂದಿ ಬಂದಿದ್ದರು. ಒಬ್ಬ ಹುಡುಗನ ತಂದೆಯೂ ಬಂದರು. ಕೊಬ್ಬರಿ ವ್ಯಾಪಾರದವರು, ನೇರ ಮಾತಿನವರು. "ಮೇಷ್ಟ್ರೆ, ನಮ್ಮ ಮನೆ ಹಿಂದಿನ ಬೀದಿ. ಮಗ ಬಂದು ಕೂತವ್ನೆ, ನೀವೂ ಇದೀರಿ, ಬೋರ್ಡೂ ಇದೆ. ಪಾಠ ಮಾಡಾಕೇನು?" ಅಂದರು. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಆದರೆ ಅವತ್ತು 11 ಜನಕ್ಕೆ ಹೊಸ ಪಾಠ ಮಾಡಿದ್ದರೆ ಆಮೇಲೆ ಇನ್ನೊಂದು ಸಲ ಮಾಡಲೇಬೇಕಿತ್ತು. ಆಗ ಈ 11 ಜನ ಅದನ್ನೇ ಎರಡನೇ ಸಲ ಕೇಳಿ ಆಕಳಿಸುತ್ತಿದ್ದರು, ಇಲ್ಲವೇ ಬ್ಯಾಚು ಎರಡಾಗಿ ಒಡೆಯುತ್ತಿತ್ತು. ಅದನ್ನೇ ಅವರಿಗೆ ಹೇಳಿದೆ. ಪೂರ್ತಿ ಒಪ್ಪಲಿಲ್ಲ. "ಹಂಗಾದ್ರೆ ಲೆಕ್ಕನಾದ್ರೂ ಜಾಸ್ತಿ ಮಾಡ್ಸಿ" ಅಂತ ಹೇಳಿ ಹೋದರು.

ಮ್ಯಾಥ್ಸ್ ಮೇಷ್ಟ್ರು ಮಧ್ಯಾಹ್ನವೇ ಗೂಗಲ್ ಮೀಟ್ ಹಾಕೋಣ ಅಂದಿದ್ದರು. ನಾನು ಬೇಡ ಅಂದೆ. ಕೊರೋನಾ ಕಾಲದಲ್ಲಿ ಮಾಡಿ ನೋಡಿದ್ದೇ. ಪುಕ್ಕಟೆ ಮೀಟು ಒಂದು ಗಂಟೆಗೆ ನಿಂತುಹೋಗುತ್ತದೆ, ಅದು ದೊಡ್ಡ ವಿಷಯವಲ್ಲ. ಮನೆಯಲ್ಲಿರುವ ಫೋನು ಅಪ್ಪನದು, ಅಪ್ಪ ತೋಟದಲ್ಲೋ ಸಂತೆಯಲ್ಲೋ ಇರುತ್ತಾರೆ, ಅದು ವಿಷಯ. ಹನ್ನೆರಡರ ಮೇಲೆ ಫೋನ್ ಮಾಡಿದ ಆರು ಮನೆಯಲ್ಲಿ ಕೇಳಿದಾಗ, ಸಂಜೆ ಐದಕ್ಕೆ ಮಗುವಿನ ಕೈಗೆ ಫೋನ್ ಕೊಡಬಲ್ಲೆವು ಅಂದವರು ಇಬ್ಬರೇ.

ಎಷ್ಟು ಪಾಠ ಹೋಯಿತು

ಮಂಗಳವಾರ ಸಂಜೆಯ ಹೊತ್ತಿಗೆ ಹೈಕೋರ್ಟು ಮತ್ತೆ ಗರಂ ಆಗಿ, ಸಂಘಟನೆಗಳು ಮುಷ್ಕರ ಮುಂದೂಡಿದ ಸುದ್ದಿ ಬಂತು. ಬುಧವಾರ ಬಸ್ ಓಡಿದವು. ನಮಗೆ ಉಳಿದದ್ದು ಎರಡು ಗಂಟೆಯ ಬಾಕಿ.

ಬಾಕಿಯನ್ನು ಗಂಟೆಯಲ್ಲಿ ಎಣಿಸುವುದು ಸುಲಭ, ಆದರೆ ದಾರಿ ತಪ್ಪಿಸುತ್ತದೆ. ಎರಡು ಗಂಟೆ ಹೋಯಿತು, ಎರಡು ಗಂಟೆ ಕೊಡಬೇಕು ಅಂತ ಹೊರಟರೆ ಆ ವಾರ ಜಾಗವೇ ಇರಲಿಲ್ಲ. ಕ್ಯಾಲೆಂಡರ್ ನೋಡಿ. ಶುಕ್ರವಾರ 8ನೇ ತಾರೀಖು ವರಮಹಾಲಕ್ಷ್ಮಿ ಹಬ್ಬ. ಹುಡುಗಿಯರಿಗೆ ಅವತ್ತು ಮನೆಯಲ್ಲಿ ಕೈತುಂಬಾ ಕೆಲಸ. ಶನಿವಾರ 9, ಹುಣ್ಣಿಮೆ, ಯಜುರ್ ಉಪಾಕರ್ಮ. ಭಾನುವಾರ 10, ವಾರದ ರಜೆ. ದಿನವೂ ಅರ್ಧರ್ಧ ಗಂಟೆ ಸೇರಿಸೋಣ ಅಂದರೆ ಕ್ಲಾಸ್ ಬಿಡುವುದೇ 6:45ಕ್ಕೆ, ತುರುವೇಕೆರೆ ಕಡೆಯ ಮಕ್ಕಳು ಹಿಡಿಯುವ ಬಸ್ 7:10ಕ್ಕೆ. ಬಿಡುವ ಹೊತ್ತನ್ನು ಐದು ನಿಮಿಷ ಮುಂದಕ್ಕೆ ಎಳೆಯುವ ಹಾಗೂ ಇಲ್ಲ.

ಮ್ಯಾಥ್ಸ್ ಮೇಷ್ಟ್ರು ಭಾನುವಾರ ಬೆಳಿಗ್ಗೆ ಬದಲಿ ಕ್ಲಾಸ್, ಸೋಮವಾರ ಟೆಸ್ಟ್ ಅಂದರು. ಬಹಳ ಕಡೆ ಹಾಗೇ ಮಾಡುತ್ತಾರೆ. ಆದರೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ವಾರಕ್ಕೊಂದು ರಜೆ ಇರಲೇಬೇಕು, ರಜೆಯ ಮರುದಿನ ಟೆಸ್ಟ್ ಇಡಬಾರದು ಅಂತ ಇದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕ್ಲಾಸ್ ಬೇಡ, ತೀರಾ ಬೆಳಿಗ್ಗೆ ತೀರಾ ರಾತ್ರಿ ಬೇಡ ಅಂತಲೂ ಇದೆ. ನಮ್ಮಂಥ ಸಣ್ಣ ಕ್ಲಾಸನ್ನು ಯಾರು ಬಂದು ನೋಡುತ್ತಾರೆ ಅನ್ನಬಹುದು. ಮಾರ್ಗಸೂಚಿ ಪಕ್ಕಕ್ಕಿರಲಿ, ಭಾನುವಾರ ನಮ್ಮ ಹಳ್ಳಿ ದಾರಿಗಳಲ್ಲಿ ಬಸ್ ಟ್ರಿಪ್ಪೇ ಕಡಿಮೆ. ಬಸ್ಸಿಲ್ಲದೆ ತಪ್ಪಿದ ಕ್ಲಾಸಿಗೆ ಬಸ್ಸಿಲ್ಲದ ದಿನವೇ ಬದಲಿ ಇಟ್ಟರೆ ಏನು ಬಂತು!

ಆದ್ದರಿಂದ ಗಂಟೆ ಬಿಟ್ಟು ಪಾಠದ ಕಡೆಯಿಂದ ನೋಡಿದೆ. ಮಂಗಳವಾರ ನಡೆಯಬೇಕಿದ್ದದ್ದು ಕರೆಂಟ್ ಎಲೆಕ್ಟ್ರಿಸಿಟಿಯಲ್ಲಿ ಕಿರ್ಚಾಫ್ ನಿಯಮಗಳು. ನನ್ನ ಪಾಠದ ಡೈರಿ ಪ್ರಕಾರ ಅದು ಎರಡು ತುಂಡು. ಮೊದಲ 50 ನಿಮಿಷ ನಿಯಮ ಮತ್ತು ಚಿಹ್ನೆಯ ಪದ್ಧತಿ. ಉಳಿದ 70 ನಿಮಿಷ ಲೆಕ್ಕಗಳು.

ಮೊದಲ ತುಂಡನ್ನು ಮುಖ ನೋಡಿಕೊಂಡೇ ಹೇಳಬೇಕು. ಸಂಧಿ ನಿಯಮ ಯಾರಿಗಾದರೂ ತಿಳಿಯುತ್ತದೆ, ತಂತಿಗಳು ಕೂಡುವ ಜಾಗಕ್ಕೆ ಬಂದಷ್ಟೇ ಕರೆಂಟು ಅಲ್ಲಿಂದ ಹೋಗಬೇಕು. ಲೂಪ್ ನಿಯಮದಲ್ಲಿ ಎಡವುತ್ತಾರೆ. ಲೂಪಿನಲ್ಲಿ ನಾವು ಸುತ್ತುವ ದಿಕ್ಕು ಒಂದು, ಕರೆಂಟಿನ ದಿಕ್ಕು ಇನ್ನೊಂದು. ಎರಡೂ ಒಂದೇ ಕಡೆ ಇದ್ದರೆ ರೆಸಿಸ್ಟರ್ ದಾಟುವಾಗ ಮೈನಸ್, ಎದುರಾಬದುರಾದರೆ ಪ್ಲಸ್. ಸೆಲ್ಲಿಗೆ ಬಂದಾಗ ಕರೆಂಟಿನ ದಿಕ್ಕು ಮರೆತು ಬರೀ ಧ್ರುವ ನೋಡಬೇಕು. ಇಲ್ಲಿ ಮಗುವಿನ ಮುಖ ಗಂಟಾಗುವುದು ಕಾಣಿಸುತ್ತದೆ, ಆಗ ಇನ್ನೊಂದು ಸಲ ಹೇಳಬೇಕು. ಹಾಳೆಯಲ್ಲಿ ಬರೆದು ಕೊಟ್ಟರೆ ಚಿಹ್ನೆ ಉಲ್ಟಾ ಹೊಡೆದು ತರುತ್ತಾರೆ.

ಎರಡನೇ ತುಂಡು ಹಾಗಲ್ಲ. ನಿಯಮ ತಿಳಿದ ಮೇಲೆ ಲೆಕ್ಕವನ್ನು ಮನೆಯಲ್ಲಿ ಮಾಡಬಹುದು. ನಾನು ಎಂಟು ಲೆಕ್ಕ ಆರಿಸಿದೆ. ಮೂರನ್ನು ಪೂರ್ತಿ ಬಿಡಿಸಿ ಕೈಬರಹದಲ್ಲಿ ಬರೆದೆ. ಇನ್ನು ಮೂರಕ್ಕೆ ಚಿತ್ರ, ಬಾಣ ಮಾತ್ರ ಹಾಕಿದೆ. ಕೊನೆಯ ಎರಡನ್ನು ಹಾಗೇ ಬಿಟ್ಟೆ. ಜೆರಾಕ್ಸ್ ಮಾಡಿಸಿ ಹಂಚುವುದು ಅಂತ ಆಯಿತು. ಅಂದರೆ ನಿಜವಾಗಿ ಬೇಕಿದ್ದದ್ದು ಎರಡು ಗಂಟೆಯಲ್ಲ, ಒಂದು ಗಂಟೆ ಹತ್ತು ನಿಮಿಷ. ನಿಯಮಕ್ಕೆ 50, ಲೆಕ್ಕದ ಡೌಟಿಗೆ 20.

ಇನ್ನೊಂದು ಗಂಟು ಇತ್ತು. ಗುರುವಾರ ನನ್ನ ಪಾಠ ವೀಟ್‌ಸ್ಟನ್ ಬ್ರಿಡ್ಜ್. ಅದರ ಸಮತೋಲನದ ಸೂತ್ರವನ್ನು ತೆಗೆಯುವುದೇ ಲೂಪ್ ನಿಯಮದಿಂದ. ಕಿರ್ಚಾಫ್ ಆಗದೆ ಬ್ರಿಡ್ಜ್ ಹತ್ತುವ ಹಾಗಿಲ್ಲ. ಹಾಗಂತ ಗುರುವಾರ ಕಿರ್ಚಾಫ್ ಮಾಡಿದರೆ ಬ್ರಿಡ್ಜ್ ಮುಂದಕ್ಕೆ, ಅದರ ನಂತರದ್ದು ಇನ್ನೂ ಮುಂದಕ್ಕೆ, ಹೀಗೆ ಒಂದು ದಿನದ ಮುಷ್ಕರ ತಿಂಗಳಿಡೀ ತಳ್ಳುತ್ತಾ ಹೋಗುತ್ತದೆ. ಆಗ ಮ್ಯಾಥ್ಸ್ ಮೇಷ್ಟ್ರನ್ನು ಕೇಳಿದೆ. "ಗುರುವಾರ ನಿಮಗೇ ವಾಪಸ್. ಶನಿವಾರದ ನಿಮ್ಮ ಒಂದು ಗಂಟೆ ನನಗೆ ಕೊಡಿ, ಇನ್ನೊಂದು ಗಂಟೆ ಮುಂದಿನ ವಾರ ಕೊಡಿ." ಅವರು ಡಿಟರ್ಮಿನೆಂಟ್ಸ್ ಮಾಡುತ್ತಿದ್ದರು. ಅದಕ್ಕೆ ಕಿರ್ಚಾಫ್ ಹಂಗಿಲ್ಲ. ಒಪ್ಪಿದರು. ಒಂದಕ್ಕೊಂದು ಕೊಂಡಿಯಿಲ್ಲದ ಎರಡು ವಿಷಯ ಒಂದೇ ಸೂರಿನಡಿ ಇರುವ ಲಾಭ ಇದು. ಒಂದೇ ವಿಷಯ ಹೇಳಿಕೊಡುವ ಕ್ಲಾಸಿನವರಿಗೆ ಈ ದಾರಿ ಇಲ್ಲ.

ಮೂರನೆಯದು: ಬುಧವಾರ ರಾತ್ರಿ 8:00

> ದ್ವಿತೀಯ ಪಿಯು ಸಂಜೆ ಬ್ಯಾಚಿಗೆ ಮಾತ್ರ. 05-08-2025ರಂದು ತಪ್ಪಿದ ಫಿಸಿಕ್ಸ್ ಕ್ಲಾಸಿನ ಬದಲಿ ವ್ಯವಸ್ಥೆ.
>
> 07-08-2025, ಗುರುವಾರ: ಕ್ಲಾಸ್ ಇದೆ, 4:45ರಿಂದ 6:45. ಫಿಸಿಕ್ಸ್ ಬದಲು ಮ್ಯಾಥ್ಸ್. ಮ್ಯಾಥ್ಸ್ ನೋಟ್ಸ್ ತನ್ನಿ. ಅವತ್ತೇ ಫಿಸಿಕ್ಸ್ ಲೆಕ್ಕದ ಹಾಳೆ ಕೊಡುತ್ತೇವೆ.
>
> 08-08-2025, ಶುಕ್ರವಾರ: ಹಬ್ಬ. ಏನೂ ಇಲ್ಲ.
>
> 09-08-2025, ಶನಿವಾರ: 3:30ಕ್ಕೆ ಬನ್ನಿ. 3:30ರಿಂದ 4:40 ತಪ್ಪಿದ ಪಾಠ (ಕಿರ್ಚಾಫ್ ನಿಯಮಗಳು). 4:45ರಿಂದ 6:45 ಮುಂದಿನ ಫಿಸಿಕ್ಸ್ ಪಾಠ. ಬಿಡುವ ಹೊತ್ತು ಬದಲಾಗಿಲ್ಲ. ಟೆಸ್ಟ್ ಇಲ್ಲ.
>
> 12-08-2025, ಮಂಗಳವಾರ: ಮೊದಲ ಒಂದು ಗಂಟೆ ಟೆಸ್ಟ್. ಕಿರ್ಚಾಫ್ ಸೇರಿಲ್ಲ. ಆಮೇಲೆ ಒಂದು ಗಂಟೆ ಮ್ಯಾಥ್ಸ್.
>
> ಶನಿವಾರ 3:30ಕ್ಕೆ ಬರಲು ಆಗದವರು ಶುಕ್ರವಾರ ಸಂಜೆಯೊಳಗೆ ಹೆಸರು ಬರೆಯಿರಿ. ಕಾರಣ ಬರೆಯಬೇಕಿಲ್ಲ. ಮಂಗಳವಾರ 4 ಗಂಟೆಗೆ ನಿಮಗೆ ಬೇರೆಯಾಗಿ ಹೇಳಿಕೊಡುತ್ತೇವೆ.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ನನ್ನ ಹೆಂಡತಿಗೆ ನಮ್ಮ ಬ್ಯಾಚಿನ ಗೊಡವೆಯಿಲ್ಲ. ಅವಳ ಕೈಗೆ ಫೋನ್ ಕೊಟ್ಟು, "ಶನಿವಾರ ಮಗು ಎಷ್ಟು ಹೊತ್ತಿಗೆ ಮನೆಗೆ ಬರುತ್ತೆ?" ಅಂತ ಕೇಳಿದೆ. ಮೊದಲ ಕರಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಬೇಗ ಬರಬೇಕು ಅಂತ ಬರೆದಿದ್ದೆ, ಬಿಡುವುದು ಯಾವಾಗ ಅಂತ ಬರೆದಿರಲಿಲ್ಲ. "ಬೇಗ ಶುರು ಮಾಡಿದರೆ ಬೇಗ ಬಿಡ್ತೀರ?" ಅಂತ ಅವಳು ಕೇಳಿದ ಮೇಲೆ "ಬಿಡುವ ಹೊತ್ತು ಬದಲಾಗಿಲ್ಲ" ಅನ್ನುವ ಸಾಲು ಸೇರಿತು. ಮನೆಯಲ್ಲಿ ಕಾಯುವವರಿಗೆ ಬೇಕಾಗಿದ್ದು ಅದೊಂದೇ ಸಾಲು.

"ಶುಕ್ರವಾರ ಏನೂ ಇಲ್ಲ" ಅಂತ ಬರೆದದ್ದೂ ಬೇಕೆಂದೇ. ಖಾಲಿ ಬಿಟ್ಟಿದ್ದರೆ ಹತ್ತು ಜನ ಕೇಳುತ್ತಿದ್ದರು. ಟೆಸ್ಟಿನಿಂದ ಕಿರ್ಚಾಫ್ ತೆಗೆದದ್ದಕ್ಕೆ ಕಾರಣ ಇದೆ. ಶನಿವಾರ ಕೇಳಿದ್ದನ್ನು ಮಂಗಳವಾರ ಟೆಸ್ಟಿನಲ್ಲಿ ಕೇಳಿದರೆ, ಶನಿವಾರ ಬರಲಾಗದವರಿಗೆ ಎರಡು ಸಲ ಪೆಟ್ಟು.

ನೋಟಿಸನ್ನು ಅಕ್ಷರದಲ್ಲೇ ಕಳಿಸಿದೆ, ಚಂದದ ಬಣ್ಣದ ಚಿತ್ರ ಮಾಡಲಿಲ್ಲ. ಚಿತ್ರದೊಳಗಿನ ಮಾತನ್ನು ಗ್ರೂಪಿನಲ್ಲಿ ಹುಡುಕಲು ಆಗುವುದಿಲ್ಲ. ಅಕ್ಷರದಲ್ಲಿದ್ದರೆ "ಶನಿವಾರ" ಅಂತ ಹುಡುಕಿದರೆ ಸಿಗುತ್ತದೆ. ಕಣ್ಣು ಸರಿ ಕಾಣದ ಅಜ್ಜನಿಗೆ ಅಕ್ಷರ ದೊಡ್ಡದು ಮಾಡಿ ತೋರಿಸಬಹುದು. ಕ್ಲಾಸಿನ ಬಾಗಿಲಿಗೆ ಮಾತ್ರ ಒಂದು ಪ್ರತಿ ದಪ್ಪ ಅಕ್ಷರದಲ್ಲಿ ಅಂಟಿಸಿದೆ. ಗುರುವಾರ ಬಂದ ಮಕ್ಕಳಿಗೆ ಅದನ್ನು ಡೈರಿಯಲ್ಲಿ ಬರೆದುಕೊಳ್ಳಿ ಅಂದೆ. ಕೆಲವರು ಬರೆದುಕೊಂಡರು.

ಏನಾಯಿತು

ಶನಿವಾರ 3:30ಕ್ಕೆ 38ರಲ್ಲಿ 33 ಜನ ಬಂದರು. ಮೊದಲೇ ಹೆಸರು ಬರೆದವರು ಮೂವರು. ಇಬ್ಬರು ಹೇಳದೆ ತಪ್ಪಿಸಿಕೊಂಡರು, ಅವರು ಯಾವಾಗಲೂ ಹಾಗೇ. ಮಂಗಳವಾರ ನಾಲ್ಕಕ್ಕೆ ಐವರನ್ನೂ ಕೂರಿಸಿಕೊಂಡು 40 ನಿಮಿಷದಲ್ಲಿ ನಿಯಮ ಮುಗಿಸಿದೆ. ಐದು ಜನಕ್ಕೆ ಹೇಳುವಾಗ ಬೇಗ ಆಗುತ್ತದೆ, ಆದರೆ ಅವರ ಲೆಕ್ಕದ ಹಾಳೆ ನೋಡಿದಾಗ ಚಿಹ್ನೆ ತಪ್ಪು ಮಿಕ್ಕವರಿಗಿಂತ ಜಾಸ್ತಿ ಇತ್ತು. ಅದನ್ನು ಪೂರ್ತಿ ಸರಿಪಡಿಸಿದೆ ಅಂತ ಹೇಳಲಾರೆ.

ಶನಿವಾರದ ಮೂರು ಗಂಟೆ ಹದಿನೈದು ನಿಮಿಷ ಜಾಸ್ತಿಯಾಯಿತು, ಇದು ನನ್ನ ಲೆಕ್ಕ ತಪ್ಪಿದ ಕಡೆ. ಐದೂವರೆ ಹೊತ್ತಿಗೆ ಹಿಂದಿನ ಬೆಂಚು ಮಲಗಿತ್ತು. ಹಬ್ಬದ ಮರುದಿನ ಬೇರೆ. ಒಬ್ಬ ಹುಡುಗಿ ಡಬ್ಬಿಯಲ್ಲಿ ಹಿಂದಿನ ದಿನದ ಒಬ್ಬಟ್ಟು ತಂದಿದ್ದಳು, ಐದು ನಿಮಿಷ ಬಿಡುವು ಕೊಟ್ಟೆ, ಅದು ಹದಿನೈದು ನಿಮಿಷವಾಯಿತು. ವೀಟ್‌ಸ್ಟನ್ ಬ್ರಿಡ್ಜಿನ ಸೂತ್ರ ತೆಗೆದದ್ದಷ್ಟೇ, ಅದರ ಲೆಕ್ಕ ಮುಂದಿನ ಗುರುವಾರಕ್ಕೆ ಹೋಯಿತು. ಇನ್ನೊಂದು ಸಲ ಹೀಗಾದರೆ ಬದಲಿ ಪಾಠದ ದಿನ ಮಾಮೂಲಿ ಪಾಠವನ್ನು ಅರ್ಧ ಗಂಟೆ ಕಡಿಮೆ ಮಾಡುತ್ತೇನೆ.

ಫೀಸಿನ ಮಾತೂ ಬಂತು. ಒಬ್ಬ ತಾಯಿ, "ಒಂದಿನ ಕ್ಲಾಸ್ ಆಗಿಲ್ವಲ್ಲ ಸಾರ್, ಈ ತಿಂಗಳು ಮುರ್ಕೊಳೋದಾ?" ಅಂದರು. ಬಾಗಿಲಿಗೆ ಅಂಟಿಸಿದ್ದ ಹಾಳೆ ತೋರಿಸಿದೆ. ತಾರೀಖು, ಹೊತ್ತು, ಪಾಠದ ಹೆಸರು ಎಲ್ಲ ಇತ್ತು. ಓದಿ ಸುಮ್ಮನಾದರು. ಮೊದಲ ನೋಟಿಸಿನ "ಸರಿದೂಗಿಸಲಾಗುವುದು" ಇಟ್ಟುಕೊಂಡು ಅವರಿಗೆ ಏನು ತೋರಿಸುತ್ತಿದ್ದೆನೋ.

ಮುಷ್ಕರ ಎಳೆದಿದ್ದರೆ ಈ ಯೋಜನೆ ಸಾಕಾಗುತ್ತಿರಲಿಲ್ಲ. ಒಂದು ಕ್ಲಾಸನ್ನು ಹೀಗೆ ಅಲ್ಲಿ ಇಲ್ಲಿ ತುರುಕಬಹುದು, ಎರಡನ್ನು ಕಷ್ಟಪಟ್ಟು ಸೇರಿಸಬಹುದು, ಆರು ಕ್ಲಾಸ್ ಹೋದರೆ ತುರುಕಲು ಜಾಗವೇ ಇಲ್ಲ. ಅದಕ್ಕೆ ಬುಧವಾರ ಬೆಳಿಗ್ಗೆಯೇ ಇನ್ನೊಂದು ಕರಡು ಬರೆದಿಟ್ಟಿದ್ದೆ. ಬಸ್ಸಿನ 21 ಮಕ್ಕಳಲ್ಲಿ ಒಂಬತ್ತು ಜನ ಕಿಬ್ಬನಹಳ್ಳಿ ಕ್ರಾಸಿನ ಸುತ್ತಮುತ್ತಲವರು. ಅಲ್ಲಿ ಒಬ್ಬರ ಮನೆಯ ಪಡಸಾಲೆ ದೊಡ್ಡದಿದೆ. ಶನಿವಾರದ ಮೇಲೂ ಬಸ್ ಇಲ್ಲದಿದ್ದರೆ ನಾನೇ ಬೈಕ್ ಹತ್ತಿ ಅಲ್ಲಿಗೆ ಹೋಗುವುದು ಅಂತ. ಆ ಮನೆಯವರನ್ನು ಕೇಳಿಯೂ ಆಗಿತ್ತು. ಕಳಿಸುವ ಪ್ರಸಂಗ ಬರಲಿಲ್ಲ. ಕರಡು ಫೋನಿನಲ್ಲೇ ಇದೆ.

ಈಗ ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಎರಡು ಕಾಲಂ ಜಾಸ್ತಿ. ಒಂದರಲ್ಲಿ ಮನೆ ಬಿಡುವ ಹೊತ್ತು, ಇನ್ನೊಂದರಲ್ಲಿ ಆ ಹೊತ್ತಿಗೆ ಮನೆಯಲ್ಲಿ ಫೋನ್ ಯಾರ ಕೈಲಿರುತ್ತದೆ. ನೊಣವಿನಕೆರೆಯ ಆ ಮೂವರಲ್ಲಿ ಒಬ್ಬಳ ಹೆಸರಿನ ಮುಂದೆ ಮೊದಲು ಅಪ್ಪನ ನಂಬರ್ ಇತ್ತು. ಅಪ್ಪ ಐದೂವರೆಗೇ ಹಾಲು ಹಾಕಲು ಡೈರಿಗೆ ಹೋಗುತ್ತಾರಂತೆ, ಫೋನ್ ಜೇಬಿನಲ್ಲೇ. ಅದನ್ನು ಹೊಡೆದುಹಾಕಿ ಪಕ್ಕದ ಮನೆಯ ಅತ್ತೆಯ ನಂಬರ್ ಬರೆಸಿದ್ದಾಳೆ.